ಎಡಗಿವಿ ಮುಟ್ಟಬೇಡ, ದೇವರೇ

ಗುಂಡಿಗೆ ಮಣ್ಣು ಮುಚ್ಚಿ, ಮೇಲೆ ಒಂದು ಚಪ್ಪಡಿ ಕಲ್ಲನ್ನು ಎಳೆದಿಟ್ಟು, ನಾವೆಲ್ಲ ಕೈಕಾಲು ತೊಳೆಯಲು ಹೊರಟಿದ್ದೆವು. ಆಗ ಅಕ್ಕನ ಮಗಳು "ನಿಲ್ಲಿ, ನಾನಿನ್ನೂ ಹೇಳಿಲ್ಲ" ಎಂದಳು. ಅವಳಿಗೆ ಏಳು ವರ್ಷ. ಶಾಲೆಯಲ್ಲಿ ದಿನಾ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವಂತೆ ಕಾಲು ಜೋಡಿಸಿ, ಕಣ್ಣು ಮುಚ್ಚಿ, ಕೈಮುಗಿದು ನಿಂತಳು. ನಾವೂ ನಿಂತೆವು. ಅವಳು ಹೇಳಿದ್ದನ್ನು ಅದೇ ರಾತ್ರಿ ನೆನಪಿದ್ದಷ್ಟು ಬರೆದಿಟ್ಟುಕೊಂಡೆ.

"ದೇವ್ರೇ, ಟೈಗರ್ ಬರ್ತಿದಾನೆ. ಅವನ ಎಡಗಿವಿ ಮುಟ್ಟಬೇಡ, ಅಲ್ಲಿ ನೋವಿದೆ. ಪಟಾಕಿ ಹೊಡೆದ್ರೆ ಮಂಚದ ಕೆಳಗೆ ಹೋಗ್ತಾನೆ, ಎಳೀಬೇಡ, ಅವನೇ ಬರ್ತಾನೆ. ಮಾತ್ರೆ ಬಾಳೆಹಣ್ಣಲ್ಲಿ ಇಟ್ಟು ಕೊಡು, ಹಾಲಲ್ಲಿ ಹಾಕ್ಬೇಡ, ಡಾಕ್ಟರ್ ಬೇಡ ಅಂದಿದಾರೆ. ನಾನು ಅವನಿಗೆ ಹೋಗು, ಸತ್ತೋಗು ಅಂತ ಬೈದಿದ್ದೆ. ಚಪ್ಪಲಿ ಕಚ್ಚಿದ್ದಕ್ಕೆ. ಅದು ಸುಮ್ನೆ ಬೈದಿದ್ದು. ನೀನು ನಿಜ ಅಂದ್ಕೊಂಡ್ಯಾ? ತಪ್ಪಾಯ್ತು. ಟೈಗರ್, ಹೋಗಿ ಬಾ."

ಕೊನೆಯ ಮಾತಿಗೆ ಅವಳ ಅಜ್ಜ, ಅಂದರೆ ಭಾವನ ತಂದೆ, ಮೆಲ್ಲಗೆ ತಡೆದರು. "ಹಂಗೆ ಹೇಳ್ಬಾರ್ದು ಪುಟ್ಟೀ. ಸತ್ತವರಿಗೆ ಹೋಗಿ ಬಾ ಅನ್ಬಾರ್ದು." ಅವಳು ಕಣ್ಣು ಬಿಟ್ಟು, "ಮತ್ತೇನು ಹೇಳೋದು?" ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. "ಹೋಗು" ಎನ್ನಲು ಅವಳಿಗೆ ಸಾಧ್ಯವಿರಲಿಲ್ಲ. ಅದು ಅವಳು ಬೈದ ಮಾತು. ಸ್ವಲ್ಪ ಹೊತ್ತು ಕಲ್ಲನ್ನೇ ನೋಡುತ್ತ ನಿಂತಿದ್ದು, ಏನೂ ಹೇಳದೆ ಮನೆಯ ಕಡೆಗೆ ನಡೆದಳು.

ಇದು ನಡೆದದ್ದು ಸಾಗರದ ಹತ್ತಿರದ ಅಕ್ಕನ ಊರಿನಲ್ಲಿ, ಅಡಿಕೆ ಕೊಯ್ಲಿನ ಕಾಲದಲ್ಲಿ. ನಾನು ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯದ ಹಾಸ್ಟೆಲಿನ ಗದ್ದಲದಲ್ಲಿ ಬರೆಯಲಾಗದ ಒಂದು ಅಧ್ಯಾಯವನ್ನು ಮುಗಿಸಿಕೊಂಡು ಹೋಗೋಣ ಎಂದು ಅಲ್ಲಿಗೆ ಹೋಗಿ ತಿಂಗಳಾಗಿತ್ತು. ಮಗುವಿನ ಪ್ರಾರ್ಥನೆಯ ಬಗ್ಗೆ ಬರೆಯುವಾಗ ಅದನ್ನು ಮುದ್ದಾದ ಮಾತೆಂದು ಮೆಚ್ಚಿಕೊಂಡು ಸುಮ್ಮನಾಗುವುದು ಸುಲಭ. ನನಗೆ ಅದು ಆಗಲಿಲ್ಲ. ಆ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿದವಳದು ತಪ್ಪಿರಲಿಲ್ಲ. ತಪ್ಪಿದ್ದವನು ಅವಳ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

ಟೈಗರ್ ಹೇಗೆ ಸತ್ತ ಎಂಬುದನ್ನು ಮೊದಲು ಹೇಳಬೇಕು. ಹೆಸರಿಗೆ ಟೈಗರ್, ಸ್ವಭಾವದಲ್ಲಿ ಬೆಕ್ಕಿಗೂ ದಾರಿ ಬಿಡುವ ಕಂದು ಬಣ್ಣದ ಊರುನಾಯಿ. ಆರು ವರ್ಷ. ನಾನು ಹೋದ ಮೊದಲ ವಾರದಲ್ಲೇ, ನಾನು ಬರೆಯುತ್ತಿದ್ದ ಮೇಜಿನ ಕೆಳಗೆ ಅವನು ಮಲಗಿದ್ದಾಗ ತಲೆ ನೇವರಿಸಿದೆ. ಎಡಗಿವಿಯ ಒಳಮಡಿಕೆಯಲ್ಲಿ ನಾಲ್ಕೈದು ಉಣುಗು ಕಚ್ಚಿಕೊಂಡಿದ್ದವು. ಬೂದುಬಣ್ಣದವು, ರಕ್ತ ಕುಡಿದು ಹೆಸರುಕಾಳಿನಷ್ಟು ಊದಿದ್ದವು. ಅಕ್ಕನಿಗೆ ಹೇಳಿದೆ. "ಔಷಧಿ ತರಿಸ್ಬೇಕು" ಎಂದಳು. ತೋಟದಲ್ಲಿ ಕೊನೆಗಾರರು, ಅಂಗಳದಲ್ಲಿ ಅಡಿಕೆ ಸುಲಿಯುವವರು, ಒಲೆಯ ಮೇಲೆ ಅಡಿಕೆ ಬೇಯುವ ಹಂಡೆ. ಪೇಟೆಗೆ ಹೋಗಲು ಮನೆಯಲ್ಲಿ ಪುರುಸೊತ್ತಿದ್ದವನು ನಾನೊಬ್ಬನೇ. "ಮುಂದಿನ ವಾರ ನಾನೇ ಹೋಗ್ತೀನಿ" ಎಂದೆ. ಮುಂದಿನ ವಾರವೂ ಅದನ್ನೇ ಎಂದೆ.

ಮಂಗನ ಕಾಯಿಲೆಯ ಸೀಮೆಯಲ್ಲಿ ಉಣುಗು ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಂಡೇ ಹೋಗುತ್ತಾರೆ. ನಾಯಿಗೆ ಕಚ್ಚುವ ಉಣುಗು ಬೇರೆ, ಅದು ತರುವ ರೋಗವೂ ಬೇರೆ. ಅದು ಕಚ್ಚಿದಾಗ ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿ ನಾಯಿಯ ರಕ್ತಕ್ಕೆ ಸೇರಿ ಬಿಳಿ ರಕ್ತಕಣಗಳೊಳಗೆ ಬೆಳೆಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇಳಿಯುತ್ತ ಹೋಗುತ್ತವೆ. ಮೊದಲು ನಾಯಿ ಮಂಕಾಗುತ್ತದೆ, ಅನ್ನ ಬಿಡುತ್ತದೆ, ಮೈ ಸುಡುತ್ತದೆ. ತುಟಿ ಎತ್ತಿ ನೋಡಿದರೆ ಕೆಂಪಗಿರಬೇಕಾದ ವಸಡು ಬಿಳಿಚಿರುತ್ತದೆ. ಇನ್ನೂ ಮುಂದೆ ಹೋದರೆ ಮೂಗಿನಲ್ಲಿ ರಕ್ತ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಮಾತ್ರೆಯನ್ನು ಸುಮಾರು ನಾಲ್ಕು ವಾರ ಕೊಟ್ಟರೆ ಎಷ್ಟೋ ನಾಯಿಗಳು ಚೇತರಿಸಿಕೊಳ್ಳುತ್ತವೆ. ಹಾಲಿನ ಜೊತೆ ಕೊಟ್ಟರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಗು ದೇವರಿಗೆ ಹೇಳಿದ ಸೂಚನೆ ವೈದ್ಯಕೀಯವಾಗಿ ಸರಿಯಾಗಿಯೇ ಇತ್ತು.

ನಾವು ಪಶುವೈದ್ಯರ ಹತ್ತಿರ ಹೋದದ್ದು ಮೂಗಿನಲ್ಲಿ ರಕ್ತ ಕಂಡ ಮೇಲೆ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ 18,000ಕ್ಕೆ ಇಳಿದಿತ್ತು. ಡ್ರಿಪ್ ಹಾಕಿದರು, ಮಾತ್ರೆ ಕೊಟ್ಟರು. ಒಂಬತ್ತನೆಯ ದಿನ ಬೆಳಗಿನ ಜಾವ, ಬಚ್ಚಲ ಒಲೆಯ ಪಕ್ಕದ ಗೋಣಿಯ ಮೇಲೆ ಟೈಗರ್ ಸತ್ತಿದ್ದ.

ಆ ದಿನಗಳಲ್ಲಿ ನಾನು ಬರೆಯುತ್ತಿದ್ದ ಅಧ್ಯಾಯ ಕಾಂಟ್‌ನ ಕುರಿತದ್ದು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ನೀತಿಶಾಸ್ತ್ರದ ಕುರಿತ ತನ್ನ ಪಾಠಗಳಲ್ಲಿ ಕಾಂಟ್ ಒಂದು ಮುದಿ ನಾಯಿಯ ಉದಾಹರಣೆ ಕೊಡುತ್ತಾನೆ. ಬಹುಕಾಲ ನಿಷ್ಠೆಯಿಂದ ದುಡಿದ ನಾಯಿಗೆ ಈಗ ಕೈಲಾಗುವುದಿಲ್ಲ. ಯಜಮಾನ ಅದನ್ನು ಸಾಯುವತನಕ ಸಾಕಬೇಕು ಎನ್ನುತ್ತಾನೆ ಕಾಂಟ್. ಯಾಕೆ? ಗುಂಡಿಕ್ಕಿ ಕೊಂದರೆ ನಾಯಿಗೆ ಅನ್ಯಾಯವಾಗುತ್ತದೆ ಎಂದಲ್ಲ. ನಾಯಿಗೆ ವಿವೇಚನೆ ಇಲ್ಲ, ಆದ್ದರಿಂದ ಅದರ ವಿಷಯದಲ್ಲಿ ನಮಗೆ ನೇರವಾದ ಕರ್ತವ್ಯ ಯಾವುದೂ ಇಲ್ಲ. ಆದರೆ ಪ್ರಾಣಿಯೊಡನೆ ಕ್ರೂರವಾಗಿ ನಡೆದುಕೊಂಡವನ ಮನಸ್ಸು ಒರಟಾಗುತ್ತದೆ, ಆ ಒರಟುತನ ಮುಂದೆ ಮನುಷ್ಯರ ಮೇಲೂ ಬೀಳುತ್ತದೆ. ನಾಯಿಯನ್ನು ಸಾಕುವುದು ನಮ್ಮೊಳಗಿನ ಮನುಷ್ಯತ್ವಕ್ಕೆ ನಾವು ಸಲ್ಲಿಸುವ ಕರ್ತವ್ಯ.

ಈ ವಾದವನ್ನು ಸುಲಭಕ್ಕೆ ತಳ್ಳಿಹಾಕಬಾರದು. ಇದು ನಾಯಿಯನ್ನು ಹೊಡೆಯಲು ಬಿಡುವುದಿಲ್ಲ, ಬೀದಿಗೆ ಹಾಕಲು ಬಿಡುವುದಿಲ್ಲ. ಆದರೆ ಗುಂಡಿಯ ಪಕ್ಕದಲ್ಲಿ ನಿಂತಾಗ ಇದರ ಕೊರತೆ ಕಂಡಿತು. ಕಾಂಟ್ ಹೇಳುವ ಪ್ರಕಾರ ಮಗುವಿನ "ತಪ್ಪಾಯ್ತು" ಒಂದು ಒಳ್ಳೆಯ ಅಭ್ಯಾಸ. ಇವತ್ತು ನಾಯಿಗೆ ಹೇಳಿ ಕಲಿತರೆ ನಾಳೆ ಮನುಷ್ಯರಿಗೆ ಹೇಳುತ್ತಾಳೆ. ಅವಳ ಮಾತನ್ನು ಮತ್ತೊಮ್ಮೆ ಕೇಳಿ. ಅವಳು ಕಲಿಯುತ್ತಿರಲಿಲ್ಲ. ಎಡಗಿವಿ ಎಂದಳು, ಬಲಗಿವಿ ಎನ್ನಲಿಲ್ಲ. ಮಂಚದ ಕೆಳಗಿಂದ ಎಳೆಯಬೇಡ ಎಂದಳು. ಒಂದು ಗೊತ್ತಾದ ನಾಯಿಗೆ ನೋವಾಗುವ ಒಂದು ಗೊತ್ತಾದ ಜಾಗದ ಬಗ್ಗೆ ಮಾತನಾಡುತ್ತಿದ್ದಳು. ತನ್ನ ಮನಸ್ಸು ಒರಟಾಯಿತೇ ಎಂಬ ಚಿಂತೆ ಅದರಲ್ಲಿ ಎಲ್ಲೂ ಇರಲಿಲ್ಲ. ನನ್ನ ವಿಷಯವೂ ಅಷ್ಟೇ. ನಾನು ಕ್ರೂರನಾಗಿರಲಿಲ್ಲ, ಟೈಗರ್‌ನ ಮೇಲೆ ನನಗೆ ಪ್ರೀತಿಯೇ ಇತ್ತು. ಪೇಟೆಗೆ ಹೋಗದೆ ಇದ್ದುದರಿಂದ ನನ್ನ ಮನುಷ್ಯತ್ವಕ್ಕೆ ಎಷ್ಟು ಕುಂದಾಯಿತೋ ತಿಳಿಯದು. ಕುಂದಾದದ್ದು ನಾಯಿಗೆ. ಆ ಸರಳ ವಾಕ್ಯವನ್ನು ಹೇಳಲು ನನ್ನ ಅಧ್ಯಾಯದಲ್ಲಿ ಜಾಗವಿರಲಿಲ್ಲ, ಮಗುವಿನ ಪ್ರಾರ್ಥನೆಯಲ್ಲಿತ್ತು.

ಆ ಸಂಜೆ ಮನೆಯವರೆಲ್ಲ ಅವಳನ್ನು ಸಮಾಧಾನ ಮಾಡಿದರು. "ನಿಂದೇನೂ ತಪ್ಪಿಲ್ಲ ಮಗಾ." "ಅವನು ಒಳ್ಳೇ ಜಾಗಕ್ಕೆ ಹೋಗಿದಾನೆ." "ಇನ್ನೊಂದು ಮರಿ ತರೋಣ." ಪ್ರೀತಿಯಿಂದ ಹೇಳಿದ ಮಾತುಗಳೇ. ಆದರೂ ಅವಳು ಯಾವುದಕ್ಕೂ ತಲೆಯಾಡಿಸಲಿಲ್ಲ, ರಾತ್ರಿ ಊಟ ಮಾಡಲಿಲ್ಲ.

ಸಾವನ್ನು ಮಕ್ಕಳು ಹೇಗೆ ಅರಿಯುತ್ತಾರೆ ಎಂಬುದನ್ನು ಅಧ್ಯಯನ ಮಾಡಿದವರು ಆ ಅರಿವನ್ನು ಕೆಲವು ಭಾಗಗಳಾಗಿ ಬಿಡಿಸಿ ನೋಡುತ್ತಾರೆ. ಸತ್ತದ್ದು ಮರಳುವುದಿಲ್ಲ ಎಂಬುದು ಒಂದು. ಸತ್ತ ದೇಹಕ್ಕೆ ಹಸಿವು, ನೋವು, ಚಳಿ ಇಲ್ಲ ಎಂಬುದು ಇನ್ನೊಂದು. ಜೀವವಿರುವುದೆಲ್ಲ ಸಾಯುತ್ತದೆ ಎಂಬುದು ಮತ್ತೊಂದು. ಯಾವುದರಿಂದ ಸಾವು ಬರುತ್ತದೆ, ಯಾವುದರಿಂದ ಬರುವುದಿಲ್ಲ ಎಂಬುದು ಕೊನೆಯದು. ಐದರಿಂದ ಏಳು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಇವು ಒಂದೊಂದಾಗಿ ಕೈಗೆ ಬರುತ್ತವೆ, ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಪುಟ್ಟಿಗೆ ಟೈಗರ್ ಮರಳುವುದಿಲ್ಲ ಎಂದು ಗೊತ್ತಿತ್ತು. ಗುಂಡಿಯನ್ನು ಎದೆಯುದ್ದ ತೋಡಿದ್ದು ನರಿ, ಹಂದಿ ಕೆದರದಿರಲಿ ಎಂದು ಎಂಬುದೂ ಗೊತ್ತಿತ್ತು. ಗೊತ್ತಾಗದೆ ಉಳಿದದ್ದು ಕೊನೆಯ ಭಾಗ. ಸಿಟ್ಟಿನ ಮಾತು ಕೊಲ್ಲುತ್ತದೆಯೇ?

ಅವಳಿಗೆ ಅದೊಂದೇ ಪ್ರಶ್ನೆ ಇತ್ತು, ನಾವು ಅದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಕೊಟ್ಟಿದ್ದೆವು. "ನಿಂದೇನೂ ತಪ್ಪಿಲ್ಲ" ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಗಂಟಾಗಿದ್ದವು. ಅವಳ ಮಾತಿನಿಂದ ನಾಯಿ ಸಾಯಲಿಲ್ಲ ಎಂಬುದು ನಿಜ. ಆದರೆ ಅವಳು ಬೈದದ್ದೂ ನಿಜ. ಶಾಲೆಯ ವಾರ್ಷಿಕೋತ್ಸವಕ್ಕೆಂದು ತಂದ ಹೊಸ ಚಪ್ಪಲಿಯ ಪಟ್ಟಿಯನ್ನು ಅವನು ಕಚ್ಚಿ ತುಂಡು ಮಾಡಿದ್ದಕ್ಕೆ, ಅದೇ ಚಪ್ಪಲಿಯಿಂದ ಅವನ ಮುಖಕ್ಕೆ ಬೀಸಿ, ಎರಡು ದಿನ ಅವನನ್ನು ಹತ್ತಿರ ಸೇರಿಸಿರಲಿಲ್ಲ. ಅದನ್ನು ಅವಳು ನೆನಪಿಟ್ಟುಕೊಂಡಿದ್ದಳು. ಸಣ್ಣ ತಪ್ಪು, ಆದರೆ ಅವಳದೇ. "ಏನೂ ತಪ್ಪಿಲ್ಲ" ಎಂದು ನಾವು ಎರಡನ್ನೂ ಒಟ್ಟಿಗೆ ಒರೆಸಿಹಾಕಿದಾಗ ಅವಳಿಗೆ ನಮ್ಮ ಮೇಲೆ ನಂಬಿಕೆ ಹೋಯಿತು. ತಾನು ಮಾಡಿದ್ದೇ ಆಗಿಲ್ಲ ಎನ್ನುವವರು, ಮಾಡದ್ದರ ಬಗ್ಗೆ ನಿಜ ಹೇಳುತ್ತಾರೆಂದು ಹೇಗೆ ನಂಬುವುದು?

ಮಾರನೆಯ ದಿನ ಜಗಲಿಯ ಮೇಲೆ ಕೂತು ಅವಳಿಗೆ ಬಿಡಿಸಿ ಹೇಳಿದೆ. ಮಾತಿಗೆ ಕೊಲ್ಲುವ ಶಕ್ತಿ ಇಲ್ಲ, ಕೊಂದದ್ದು ಉಣುಗು ತಂದ ರೋಗ. ಅದು ರಕ್ತದೊಳಗೆ ಹೇಗೆ ಸೇರಿತು ಎಂದು ಒಂದು ಚಿತ್ರ ಬರೆದು ತೋರಿಸಿದೆ. ನೀನು ಬೈದದ್ದು ಅವನಿಗೆ ಆಗ ಬೇಸರವಾಗಿರಬಹುದು, ಆಮೇಲೆ ನಿನ್ನ ಹಾಸಿಗೆಯ ಹತ್ತಿರವೇ ಬಂದು ಮಲಗಿದ್ದನಲ್ಲ ಎಂದೆ. ಅವಳು ಕೇಳುತ್ತಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಚಿತ್ರದಲ್ಲಿ ಕಿವಿ ಬರೆದಾಗಿತ್ತು, ಕಿವಿಯೊಳಗೆ ಉಣುಗನ್ನೂ ಬರೆದಾಗಿತ್ತು. "ಉಣುಗನ್ನ ಮೊದಲು ನೋಡಿದ್ದು ನಾನು. ಔಷಧಿ ತರ್ತೀನಿ ಅಂದೆ. ತರ್ಲಿಲ್ಲ" ಎಂದೆ.

ಅವಳು ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಮತ್ತೆ ನೀನು ದೇವ್ರಿಗೆ ಹೇಳಿದ್ಯಾ ಮಾಮ?"

ಬೈಯುವ ದನಿಯಲ್ಲ ಅದು. ಹೋಮ್‌ವರ್ಕ್ ಆಯ್ತಾ ಎಂದು ಕೇಳುವ ದನಿ. ಹೇಳಿಲ್ಲ ಎಂದೆ. ನಾನು ದೇವರನ್ನು ನಂಬುವವನಲ್ಲ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೂ ಅದು ಅವಳ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಕೇಳುವವನು ಇದ್ದಾನೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಹೇಳಬೇಕಾದದ್ದು ನನ್ನ ಬಳಿ ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಇಲ್ಲ ಎಂದು ಉತ್ತರಿಸಿ ಎರಡನೆಯದರಿಂದ ನಾನು ತಪ್ಪಿಸಿಕೊಂಡಿದ್ದೆ.

ಸತ್ತ ನಾಯಿಗೆ ನಾವು ಏನನ್ನಾದರೂ ಸಲ್ಲಿಸಬೇಕಾಗಿದೆಯೇ? ನಾಯಿಯ ವಿಷಯ ಬಂದಾಗ ನಮ್ಮವರೆಲ್ಲ ಮೊದಲು ನೆನೆಯುವುದು ಧರ್ಮರಾಯನನ್ನು. ಅಜ್ಜ ಅದೇ ರಾತ್ರಿ ಪುಟ್ಟಿಗೆ ಆ ಕಥೆ ಹೇಳಿದ್ದರು. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಕೊನೆಗೆ ಜೊತೆಗುಳಿದದ್ದು ಒಂದು ನಾಯಿ. ಇಂದ್ರ ರಥ ತಂದು ನಾಯಿಯನ್ನು ಬಿಟ್ಟು ಹತ್ತು ಎಂದಾಗ, ನಂಬಿ ಬಂದದ್ದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಧರ್ಮರಾಯ. ಆಗ ನಾಯಿ ತನ್ನ ನಿಜರೂಪ ತೋರಿತು, ಅದು ಧರ್ಮದೇವತೆಯೇ ಆಗಿತ್ತು. ಪುಟ್ಟಿ ಕೇಳಿದ್ದಿಷ್ಟೇ: "ಹಂಗಾದ್ರೆ ನಾಯಿ ಎಲ್ಲಿ ಹೋಯ್ತು?"

ಅಜ್ಜ ನಕ್ಕುಬಿಟ್ಟರು. ನನಗೆ ಮಾತ್ರ ಆ ಪ್ರಶ್ನೆ ಉಳಿದುಕೊಂಡಿತು. ಧರ್ಮರಾಯನ ನಿರ್ಧಾರ ದೊಡ್ಡದು, ಅದು ನಾಯಿ ಬರೀ ನಾಯಿ ಎಂದು ತಿಳಿದೇ ಮಾಡಿದ್ದು. ಆದರೆ ಕಥೆಗೆ ಆ ನಾಯಿ ನಾಯಿಯಾಗಿಯೇ ಉಳಿಯುವುದು ಸಾಕಾಗಲಿಲ್ಲ. ಅದರ ಯೋಗ್ಯತೆಯನ್ನು ತೋರಿಸಲು ಅದನ್ನು ದೇವರಾಗಿಸಬೇಕಾಯಿತು, ಹಾಗೆ ಮಾಡಿದ ಕೂಡಲೆ ನಾಯಿ ಮಾಯವಾಯಿತು. ಮಗುವಿಗೆ ಬೇಕಾದದ್ದು ಎಡಗಿವಿ ನೋಯುವ ನಾಯಿ.

ನಾಯಿ ನಾಯಿಯಾಗಿಯೇ ಉಳಿದ ಇನ್ನೊಂದು ನೆನಪು ಕನ್ನಡದಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲು ಅದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ನಡೆಸಿದ ತಕ್ಕೋಲದ ಯುದ್ಧದ ಸಂಗತಿ ಆ ಶಾಸನದಲ್ಲಿ ಬರುವುದರಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ಚೆನ್ನಾಗಿ ಗೊತ್ತು. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜನನ್ನಲ್ಲ. ಒಂದು ನಾಯಿ ಒಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡುತ್ತಿರುವ ಚಿತ್ರ ಅಲ್ಲಿದೆ.

ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರ ಆ ಯುದ್ಧದಲ್ಲಿ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದ. ಅಷ್ಟಕ್ಕೆ ಬಿಡಲಿಲ್ಲ, ಭೂಮಿಯನ್ನು ದತ್ತಿ ಬಿಟ್ಟ. ಜೊತೆಗೆ ಒಂದು ಕಟ್ಟಳೆಯನ್ನೂ ಬರೆಸಿದ. ಆ ಭೂಮಿಯನ್ನು ಅನುಭವಿಸುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಅರ್ಥದ ಕಟ್ಟಳೆ.

ಈ ಕಟ್ಟಳೆಯ ಬಗ್ಗೆ ಬಹಳ ಯೋಚಿಸಿದ್ದೇನೆ. ಗೊರವನಿಗೆ ಕಾಳಿಯ ಮೇಲೆ ಪ್ರೀತಿ ಇರಬೇಕೆಂದು ಅದು ಕೇಳುವುದಿಲ್ಲ. ಕಾಳಿಯನ್ನು ಅವನು ನೋಡಿಯೇ ಇರಲಿಕ್ಕಿಲ್ಲ. ಅವನ ನಂತರದ ಗೊರವನಂತೂ ನೋಡಿರಲು ಸಾಧ್ಯವೇ ಇಲ್ಲ. ನಾಯಿ ಯಾವ ಲೋಕದಲ್ಲಿದೆ, ಪೂಜೆ ಅದಕ್ಕೆ ಮುಟ್ಟುತ್ತದೆಯೇ ಎಂಬ ಪ್ರಶ್ನೆಯೂ ಕಟ್ಟಳೆಗೆ ಅಡ್ಡ ಬರುವುದಿಲ್ಲ. ಅದು ಕೇಳುವುದು ಒಂದನ್ನೇ: ಉಣ್ಣುವ ಮುಂಚೆ ಕಲ್ಲಿನ ಮುಂದೆ ಬಂದು ನಿಲ್ಲು. ಪ್ರತಿದಿನ ನಿಲ್ಲು. ಆ ನಾಯಿಯ ಹೆಸರಿನಲ್ಲಿ ಬಿಟ್ಟ ನೆಲದ ಅನ್ನ ತಿನ್ನುತ್ತಿದ್ದೀಯೆ, ಆದ್ದರಿಂದ ನಿಲ್ಲು. ದುಃಖ ಆರಿದ ಮೇಲೂ ಉಳಿಯಬೇಕಾದ ಬಾಧ್ಯತೆಯನ್ನು ಮಣಲೆರ ದುಃಖದ ಕೈಗೆ ಬಿಡದೆ ಭೂಮಿಯ ಲೆಕ್ಕಕ್ಕೆ ಕಟ್ಟಿಹಾಕಿದ.

ಇದರಲ್ಲಿ ಒಂದು ತೊಡಕೂ ಇದೆ. ಕಾಳಿಯನ್ನು ಹಂದಿಯ ಮೇಲೆ ಬಿಟ್ಟದ್ದು ಮನುಷ್ಯರೇ. ಬೇಟೆ ಬೇಕಿದ್ದದ್ದು ಅವರಿಗೆ, ಸತ್ತದ್ದು ನಾಯಿ. ಶೌರ್ಯದ ಕಲ್ಲಿನಲ್ಲಿ ಆ ಮಾತು ಇಲ್ಲ. ಹೊಗಳಿಕೆ ಎಷ್ಟೇ ದೊಡ್ಡದಾದರೂ ತಪ್ಪೊಪ್ಪಿಗೆಯ ಕೆಲಸ ಮಾಡುವುದಿಲ್ಲ. ನಾವು ಸತ್ತ ನಾಯಿಗಳ ಬಗ್ಗೆ ಮಾತನಾಡುವಾಗಲೂ ಹೀಗೇ ಆಗುತ್ತದೆ. ಎಂಥ ನಿಯತ್ತು, ಎಂಥ ಪ್ರೀತಿ ಎಂದು ಹೊಗಳುತ್ತೇವೆ, ಸರಪಳಿ ಬಿಚ್ಚದ ದಿನಗಳನ್ನು, ತರದ ಔಷಧಿಯನ್ನು ಹೇಳುವುದಿಲ್ಲ. ಅಂದು ನಾನೇ ಮಾತನಾಡಿದ್ದರೆ ಟೈಗರ್ ತುಂಬ ಒಳ್ಳೆಯ ನಾಯಿ ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಪುಟ್ಟಿಯ ಪ್ರಾರ್ಥನೆಯಲ್ಲಿ ಒಂದು ಹೊಗಳಿಕೆಯೂ ಇರಲಿಲ್ಲ. ಅವನಿಗೆ ಎಲ್ಲಿ ನೋವು, ಅವನಿಗೆ ಯಾವುದರ ಭಯ, ತಾನು ಅವನಿಗೆ ಏನು ಮಾಡಿದೆ, ಇಷ್ಟೇ ಇತ್ತು.

ಆದ್ದರಿಂದ ಒಂದು ಪ್ರಾರ್ಥನೆ ನಿಜವೋ ಸುಳ್ಳೋ ಎಂಬುದು ಕೇಳುವವನು ಇದ್ದಾನೆಯೇ ಎಂಬುದರ ಮೇಲೆ ಮಾತ್ರ ನಿಂತಿಲ್ಲ ಎಂದು ನನಗೆ ಅನ್ನಿಸುತ್ತದೆ. ಅದರೊಳಗಿನ ನಾಯಿ ನಿಜವಾದ ನಾಯಿಯೇ, ಅದರೊಳಗೆ ಹೇಳುವವನು ಮಾಡಿದ್ದು ನಿಜವಾಗಿ ಮಾಡಿದ್ದೇ, ಇವುಗಳ ಮೇಲೂ ನಿಂತಿದೆ. ದೇವರಿರಲಿ ಇಲ್ಲದಿರಲಿ, ಎಡಗಿವಿಯ ಬದಲು ಬಲಗಿವಿ ಎಂದಿದ್ದರೆ ಆ ಪ್ರಾರ್ಥನೆ ಅಷ್ಟರಮಟ್ಟಿಗೆ ಸುಳ್ಳಾಗುತ್ತಿತ್ತು. ಪುಟ್ಟಿಯ ಮಾತಿನಲ್ಲಿ ಒಂದೇ ಒಂದು ತಪ್ಪು ತಿಳಿವಳಿಕೆ ಇತ್ತು, ಬೈಗುಳ ಕೊಲ್ಲುತ್ತದೆ ಎಂಬುದು. ಅದನ್ನು ತಿದ್ದುವುದು ದೊಡ್ಡವರ ಕೆಲಸ. ಆದರೆ ಅದನ್ನು ತಿದ್ದಬೇಕಾದರೆ ಯಾವುದು ಕೊಂದಿತು ಎಂದು ಹೇಳಬೇಕು, ಯಾರು ತಡಮಾಡಿದರು ಎಂದೂ ಹೇಳಬೇಕು. ಬಹುಶಃ ಅದಕ್ಕೇ ನಾವು ಸ್ವರ್ಗದ ಮಾತಿಗೆ ಇಷ್ಟು ಬೇಗ ಹೋಗುತ್ತೇವೆ.

ಮೂರನೆಯ ದಿನ ಸಂಜೆ, ಮನೆಯಲ್ಲಿ ಎಲ್ಲರೂ ಅಡಿಕೆ ಸುಲಿಯುವ ಗಡಿಬಿಡಿಯಲ್ಲಿದ್ದಾಗ, ತೋಟದ ಅಂಚಿನ ನೇರಳೆ ಮರದ ಕೆಳಗಿನ ಆ ಕಲ್ಲಿನ ಹತ್ತಿರ ಒಬ್ಬನೇ ಹೋದೆ. ಯಾರಿಗೆ ಹೇಳಬೇಕೆಂದು ತಿಳಿಯದೆ ಟೈಗರ್‌ಗೇ ಹೇಳಿದೆ. ಉಣುಗು ನೋಡಿದ್ದೆ. ಪುರುಸೊತ್ತಿತ್ತು. ಹೋಗಲಿಲ್ಲ. ಜೋರಾಗಿ ಹೇಳಿದ್ದರಿಂದ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಮನಸ್ಸು ಹಗುರವಾಯಿತು ಎಂದೇನೂ ಹೇಳಲಾರೆ. ಹಗುರವಾಗಬೇಕೆಂದು ಹೋದದ್ದೂ ಅಲ್ಲ. ಕ್ಷಮಿಸಬೇಕಾದವನು ಇಲ್ಲ, ಅವನ ಪರವಾಗಿ ಕ್ಷಮಿಸುವ ಅಧಿಕಾರ ಪುಟ್ಟಿಗೂ ಇಲ್ಲ. ಇಂಥ ತಪ್ಪುಗಳು ತೀರುವುದಿಲ್ಲ, ಸರಿಯಾದ ಹೆಸರಿನಲ್ಲಿ ಉಳಿದುಕೊಳ್ಳುತ್ತವೆ, ಅಷ್ಟೆ. ಈಗ ಹಾಸ್ಟೆಲಿನ ಗೇಟಿನಲ್ಲಿ ಮಲಗುವ ಎರಡು ನಾಯಿಗಳ ಕಿವಿಯನ್ನು ಪ್ರತಿ ಭಾನುವಾರ ಮಡಚಿ ನೋಡುತ್ತೇನೆ, ಕಾಲ್ಬೆರಳ ಸಂದಿಯನ್ನೂ ನೋಡುತ್ತೇನೆ. ಅಲ್ಲೂ ಉಣುಗು ಅಡಗುತ್ತದೆ. ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ.

ವಿದಾಯದ ಮಾತು ಮಾತ್ರ ಬಾಕಿ ಉಳಿದಿತ್ತು. ಕನ್ನಡದಲ್ಲಿ ಹೊರಡುವವನು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾನೆ. ಕಳಿಸುವವರೂ ಹೋಗಿ ಬಾ ಎಂದೇ ಕಳಿಸುತ್ತಾರೆ. ಸಾವಿನ ಮನೆಯಿಂದ ಏಳುವಾಗ ಮಾತ್ರ ಆ ಮಾತನ್ನು ನುಂಗಿಕೊಂಡು ಸುಮ್ಮನೆ ಎದ್ದು ಬರುತ್ತೇವೆ. ಮರಳಿ ಬಾರದವರಿಗೆ ಹೇಳಲು ನಮ್ಮ ದಿನನಿತ್ಯದ ಭಾಷೆ ಒಂದು ಮಾತನ್ನೂ ಇಟ್ಟಿಲ್ಲ. ಮೌನವನ್ನಷ್ಟೇ ಇಟ್ಟಿದೆ. ಏಳು ವರ್ಷದವಳಿಗೆ ಅದು ಸಾಲಲಿಲ್ಲ.

ನಾನು ಊರು ಬಿಡುವ ಹಿಂದಿನ ದಿನ, ಶಾಲೆಯ ವ್ಯಾನು ಇಳಿದು ಬರುವ ಪುಟ್ಟಿಯನ್ನು ಕರೆತರಲು ಗೇಟಿನವರೆಗೆ ಹೋಗಿದ್ದೆ. ದಿನಾ ಆ ಹೊತ್ತಿಗೆ ಅಲ್ಲಿ ಕಾಯುತ್ತಿದ್ದವನು ಟೈಗರ್. ಅವಳು ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಮನೆಯ ದಾರಿ ಬಿಟ್ಟು ನೇರಳೆ ಮರದ ಕಡೆಗೆ ಹೋದಳು. ಕೈ ಮುಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಕಲ್ಲಿನ ಎದುರು ಒಂದು ಕ್ಷಣ ನಿಂತು, "ಬಂದೆ ಟೈಗರ್" ಎಂದಳು. ಆಮೇಲೆ ಹಸಿವಾಗಿದೆ ಎನ್ನುತ್ತ ಮನೆಗೆ ಓಡಿದಳು.